ಗದ್ದದ ಅಡಿಯ ಬೆಳಕು

ಹೆಣ್ಣಿನ ಮನೆಗೆ ಕಳಿಸುವ ಫೋಟೊದಲ್ಲಿ ಹುಡುಗ ಕಪ್ಪು ಅಂಗಿ ತೊಟ್ಟಿದ್ದಾನೆ, ಬಿಳಿ ಮಾಡಿಕೊಡಿ ಎಂದರೆ ಸ್ಟುಡಿಯೋದವರು ಫೋಟೊಶಾಪ್‌ನಲ್ಲಿ ಮಾಡಿಕೊಡುತ್ತಾರೆ. ಕಾಲರಿನ ಅಂಚು ನೀಟು, ನೆರಿಗೆಗಳೂ ಸರಿ. ಆದರೂ ತಲೆ ಯಾರದೋ, ಮೈ ಯಾರದೋ ಅನಿಸುತ್ತದೆ. ಇಂಥ ಚಿತ್ರ ಸಿಕ್ಕರೆ ನಾನು ಮೊದಲು ನೋಡುವುದು ಗದ್ದದ ಅಡಿಯನ್ನು.

ಕಪ್ಪು ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ನುಂಗಿ ನೂರರಲ್ಲಿ ಐದು ಪಾಲನ್ನಷ್ಟೇ ಹೊರಬಿಡುತ್ತದೆ. ಬಿಳಿ ಹತ್ತಿಬಟ್ಟೆ ಎಂಬತ್ತರ ಆಸುಪಾಸು ವಾಪಸು ಕೊಡುತ್ತದೆ. ಅಂದರೆ ಬಿಳಿ ಅಂಗಿ ತೊಟ್ಟವನು ಎದೆಯ ಮೇಲೊಂದು ರಿಫ್ಲೆಕ್ಟರ್ ಹೊತ್ತುಕೊಂಡೇ ಕೂತಿರುತ್ತಾನೆ. ಅಂಗಿ ಬದಲಾಯಿತು, ಅದು ಎರಚಬೇಕಿದ್ದ ಬೆಳಕು ಮಾತ್ರ ಬರಲಿಲ್ಲ, ಎಡವಟ್ಟಾಗುವುದು ಅಲ್ಲೇ.

ಒಂದು ಚಿತ್ರ ತೆಗೆದುಕೊಳ್ಳೋಣ. ಬೆಳಕು ಎಡಗಡೆಯ ಕಿಟಕಿಯದು. ಎಡಗೆನ್ನೆಯ ಮೇಲೆ 170ರ ಆಸುಪಾಸಿನ ಅಂಕೆ, ಗದ್ದದ ಅಡಿಯಲ್ಲಿ 42. ಕರ್ವ್ಸ್ ಲೇಯರ್ ಹಾಕಿ ನೆರಳನ್ನು ಎತ್ತಿ, ಮಾಸ್ಕನ್ನು ಪೂರ್ತಿ ಕಪ್ಪಾಗಿಸಿ, ಮೆತ್ತನೆಯ ಬ್ರಷ್ಷಿನ ಫ್ಲೋ ಹತ್ತಕ್ಕಿಂತ ಕೆಳಗಿಟ್ಟು ಬೇಕಾದಲ್ಲಿ ಮಾತ್ರ ತೆರೆಯುತ್ತ ಹೋಗಬೇಕು. ಬೇಕಾದದ್ದು ಕೆಳಮುಖವಾದ ಜಾಗಗಳಲ್ಲಿ: ಗದ್ದದ ತಳ, ದವಡೆಯ ಅಡಿ, ತುಸುವಷ್ಟು ಮೂಗಿನ ಕೆಳಗೆ. ಕುತ್ತಿಗೆ ನೆಟ್ಟಗಿರುವುದರಿಂದ ಅದಕ್ಕೆ ಸಿಗುವುದು ಕಡಿಮೆ. ಕಾಲರಿಗೆ ಹತ್ತಿರದ ಬುಡದಲ್ಲಿ ಹೆಚ್ಚು, ಮೇಲೇರಿದಂತೆ ಕಡಿಮೆ. ಕಿಟಕಿಯ ಬೆಳಕು ತಾಕಿದ್ದು ಅಂಗಿಯ ಎಡಭಾಗಕ್ಕಾದ್ದರಿಂದ ಈ ಬೆಳಕೂ ಎಡದಿಂದಲೇ ಜೋರಾಗಿ ಬರಬೇಕು. 42 ಇದ್ದದ್ದು 58ಕ್ಕೆ ಬಂದರೆ ಹೆಚ್ಚುಕಡಿಮೆ ಒಂದು ಸ್ಟಾಪ್ ಏರಿದಂತೆ, ಅಷ್ಟು ಸಾಕು. 90ಕ್ಕೆ ಒಯ್ದರೆ ಭೂತದ ಸಿನಿಮಾದಲ್ಲಿ ಗದ್ದದಡಿ ಟಾರ್ಚ್ ಹಿಡಿದಂತಾಗುತ್ತದೆ. ದವಡೆಯ ಗೆರೆಯುದ್ದಕ್ಕೂ ಹೊಳೆಯುವ ಪಟ್ಟಿ ಎಳೆಯುವವರೂ ಇದ್ದಾರೆ. ಅದು ಹಿಂದಿನಿಂದ ಬರುವ ಬೆಳಕಿನ ಲಕ್ಷಣ, ಅಂಗಿಯದಲ್ಲ.

ಎತ್ತಿದ ನೆರಳು ಕೆಂಪುಕೆಂಪಾಗಿ ಕಾಣುವುದುಂಟು. ಅಲ್ಲಿ ಬಣ್ಣದ ಗಾಢತೆಯನ್ನು ಸ್ವಲ್ಪ ಇಳಿಸಿ, ಅಂಗಿಗೆ ಇರುವ ಛಾಯೆಯನ್ನೇ ಚೂರು ಬೆರೆಸಬೇಕು. ಬಾನಿನ ಬೆಳಕಾದರೆ ನಸುನೀಲಿ, ಬಲ್ಬಿನದಾದರೆ ಹಳದಿ. ಚರ್ಮದ ಬಣ್ಣವೂ ಸುಮ್ಮನಿರುವುದಿಲ್ಲ, ಕಾಲರಿನ ಒಳಮೈಗೆ ಕಂದಾಗಿ ತಾಗುತ್ತದೆ. ಅದನ್ನು ಹಚ್ಚದೆ ಬಿಟ್ಟರೆ ಕಾಲರ್ ಕಾಗದದ್ದೆನಿಸುತ್ತದೆ. ಕಾಲರ್ ಕುತ್ತಿಗೆಗೆ ಆತುಕೊಂಡ ಕಡೆ ಮಾತ್ರ ಸಣ್ಣದೊಂದು ಕಪ್ಪು ಗೆರೆ ಉಳಿಯಲೇಬೇಕು. ಬೆಳಕು ಅಲ್ಲಿಗೆ ತೂರಲಾರದು.

ಅಂದಾಜು ಸಿಗದಿದ್ದರೆ ಫೋಟೊ ತೆಗೆದ ಹೊತ್ತಿನಲ್ಲೇ ಕಿಟಕಿಯ ಪಕ್ಕ ಕನ್ನಡಿ ಹಿಡಿದು ನಿಂತು, ಎದೆಗೆ ಬಿಳಿ ಟವೆಲ್ ಹೊದ್ದು ತೆಗೆದು ನೋಡಿ.

ವಾಟ್ಸ್ಆ್ಯಪ್‌ನಲ್ಲಿ ಹಿಂಡಿಹೋಗಿ ಬಂದ ಫೋಟೊಗಳಿಗೆ ಇದು ಒಗ್ಗುವುದಿಲ್ಲ. ಅವುಗಳ ನೆರಳಲ್ಲಿ ವಿವರವೇ ಇರುವುದಿಲ್ಲ, ಎತ್ತಿದೊಡನೆ ಚೌಕಚೌಕ ಕಲೆಗಳು ಏಳುತ್ತವೆ. ಅಂಥವಕ್ಕೆ ತಿಳಿಬೂದು ಅಂಗಿ ತೊಡಿಸುವುದೇ ವಾಸಿ. ಅದು ಎರಚುವ ಬೆಳಕು ಬಿಳಿಯದರ ಅರ್ಧದಷ್ಟಾದ್ದರಿಂದ ನೆರಳನ್ನು ಅಷ್ಟೊಂದು ಎತ್ತಬೇಕಾಗಿಲ್ಲ.