ಕಪ್ಪೆಯ ಮುಂದೆ ಉಳಿದ ದಾರಿ

ಗೋಡೆಯಿಂದ ಎರಡು ಅಡಿ ದೂರದಲ್ಲಿ ಒಂದು ಕಪ್ಪೆ ಕೂತಿದೆ. ಅದಕ್ಕೊಂದು ನೇಮ: ಎಷ್ಟು ದೂರ ಉಳಿದಿದೆಯೋ ಅದರ ಅರ್ಧದಷ್ಟನ್ನು ಮಾತ್ರ ಒಂದು ಸಲಕ್ಕೆ ಹಾರಬೇಕು. ಮೊದಲ ನೆಗೆತ ಒಂದು ಅಡಿ, ಆಮೇಲೆ ಅರ್ಧ ಅಡಿ, ಕಾಲು, ಅರೆಕಾಲು, ವೀಸ, ಹೀಗೆ. ಕಪ್ಪೆ ಗೋಡೆಯನ್ನು ಮುಟ್ಟೀತೇ?

ಈ ಕಥೆಗೆ ಇಂಥವರೇ ಕರ್ತೃ ಎಂದು ಹೇಳುವಂತಿಲ್ಲ. ಗಣಿತದ ಮೇಷ್ಟ್ರುಗಳು ಒಬ್ಬರಿಂದೊಬ್ಬರು ಕೇಳಿ ಹೇಳುತ್ತ ಬಂದದ್ದು. ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಮುಂಬಯಿಯ ಕನ್ನಡ ಮಾಧ್ಯಮದ ತರಗತಿಯೊಂದರಲ್ಲಿ ಹೇಳಿದ ರೂಪವನ್ನು. ಈ ಊರಿನಲ್ಲಿ ಆ ಕಥೆಗೆ ಬೇರೆಡೆಗಿಂತ ಹೆಚ್ಚು ಹೊಣೆಯಿದೆ. ಮಹಾನಗರಪಾಲಿಕೆಯ ಶಾಲೆಗಳ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಆದರೆ ಮಹಾರಾಷ್ಟ್ರದ ಹತ್ತನೆಯ ತರಗತಿಯ ಬೀಜಗಣಿತದಲ್ಲಿರುವುದು ಸಮಾಂತರ ಶ್ರೇಢಿ. ಗುಣೋತ್ತರ ಶ್ರೇಢಿಯ ಪಾಠ ಬರುವುದು ಹನ್ನೊಂದರಲ್ಲಿ. ಅಷ್ಟು ಹೊತ್ತಿಗೆ ಇಲ್ಲಿನ ಕನ್ನಡದ ಹುಡುಗ ಹುಡುಗಿಯರು ಇಂಗ್ಲಿಷಿನ ಜೂನಿಯರ್ ಕಾಲೇಜಿನ ಬೆಂಚಿನಲ್ಲಿ ಕೂತಿರುತ್ತಾರೆ. ಮುಗಿಯದ ಕೂಡಿಕೆಯೊಂದಕ್ಕೆ ಮುಗಿದ ಉತ್ತರ ಇರಬಹುದು ಎಂಬ ಮಾತನ್ನು ಅವರು ಕನ್ನಡದಲ್ಲಿ ಕೇಳುವುದು ಈ ಕಪ್ಪೆಯಿಂದ ಮಾತ್ರ. ಹಾಗಾಗಿ ಕಪ್ಪೆ ಏನು ಕಲಿಸುತ್ತದೆ, ಏನನ್ನು ತಪ್ಪಾಗಿ ಕಲಿಸುತ್ತದೆ ಎಂದು ನೋಡಲೇಬೇಕು.

ಕಥೆಯ ಗುಣವನ್ನು ಮೊದಲು ಹೇಳುತ್ತೇನೆ. ಹಾರಿದ ದೂರಗಳನ್ನು ಕೂಡಿಸುತ್ತ ಹೋಗುವ ಬದಲು ಉಳಿದ ದೂರವನ್ನು ನೋಡುವಂತೆ ಅದು ಮಗುವಿನ ಕಣ್ಣನ್ನು ತಿರುಗಿಸುತ್ತದೆ. ಒಂದು, ಅರ್ಧ, ಕಾಲು, ಅರೆಕಾಲು ಎಂದು ಭಿನ್ನರಾಶಿಗಳನ್ನು ಕೂಡಿಸುವುದು ತಲೆನೋವು. ಛೇದ ಸಮ ಮಾಡಿ ಎಂಟನೇ ಹದಿನೈದು ಎಂದು ಬರೆದರೂ ಅದು ಎತ್ತ ಹೋಗುತ್ತಿದೆ ಎಂದು ಕಾಣುವುದಿಲ್ಲ. ಉಳಿದದ್ದನ್ನು ನೋಡಿದರೆ ಎಲ್ಲವೂ ನಿಚ್ಚಳ. ನಾಲ್ಕು ನೆಗೆತಗಳಾದ ಮೇಲೆ ಅರೆಕಾಲು ಅಡಿ ಉಳಿದಿದೆ. ಆದ್ದರಿಂದ ಹಾರಿದ್ದು ಎರಡಕ್ಕೆ ಅರೆಕಾಲು ಕಡಿಮೆ. ಇನ್ನೊಂದು ನೆಗೆದರೆ ಎರಡಕ್ಕೆ ವೀಸ ಕಡಿಮೆ. ಎಷ್ಟೇ ನೆಗೆತಗಳಾಗಲಿ, ಮೊತ್ತವೆಂದರೆ ಮೊದಲಿದ್ದ ದೂರದಿಂದ ಈಗ ಉಳಿದ ದೂರವನ್ನು ಕಳೆದದ್ದು. ಕೂಡಿಸುವ ಕೆಲಸವನ್ನು ಒಂದೇ ಒಂದು ಕಳೆಯುವ ಲೆಕ್ಕಕ್ಕೆ ಇಳಿಸುವ ಈ ಉಪಾಯ ದೊಡ್ಡವರ ಗಣಿತದಲ್ಲೂ ಕೊನೆಯವರೆಗೆ ಕೆಲಸಕ್ಕೆ ಬರುತ್ತದೆ.

ನಾನು ಕೇಳಿದ ರೂಪ ಎಡವುವುದು ಮುಕ್ತಾಯದಲ್ಲಿ. ‘ಕೊನೆಗೆ ಕಪ್ಪೆ ಗೋಡೆ ಮುಟ್ಟುತ್ತದೆ, ಆದ್ದರಿಂದ ಮೊತ್ತ ಎರಡು’ ಎಂದು ಕಥೆ ಮುಗಿಯುತ್ತದೆ. ಇನ್ನು ಕೆಲವರು ‘ಎಂದೂ ಮುಟ್ಟುವುದಿಲ್ಲ, ಆದರೂ ಮೊತ್ತ ಎರಡು’ ಎನ್ನುತ್ತಾರೆ. ಮೊದಲ ಮಾತಿನಲ್ಲಿರುವ ‘ಕೊನೆ’ ಯಾವುದು? ಕೊನೆಯ ನೆಗೆತ ಎಂಬುದೇ ಇಲ್ಲವಲ್ಲ. ಎರಡನೆಯ ಮಾತು ಕೇಳಿದ ಮಗು ಗಣಿತವೆಂದರೆ ಏನೋ ಕಣ್ಕಟ್ಟು ಎಂದುಕೊಂಡು ಸುಮ್ಮನಾಗುತ್ತದೆ. ಮುಟ್ಟುವುದು ಬಿಡುವುದು ಗಡಿಯಾರಕ್ಕೆ ಸೇರಿದ ಪ್ರಶ್ನೆ. ಪ್ರತಿ ನೆಗೆತಕ್ಕೂ ಒಂದೊಂದು ಸೆಕೆಂಡು ಹಿಡಿದರೆ ಕಪ್ಪೆ ಯಾವ ಗಳಿಗೆಯಲ್ಲೂ ಗೋಡೆಯ ಬಳಿ ಇರದು. ನೆಗೆತದ ಜೊತೆ ಹೊತ್ತೂ ಅರ್ಧರ್ಧವಾಗುತ್ತ ಹೋದರೆ ಎರಡು ಸೆಕೆಂಡಿನಲ್ಲಿ ದಾರಿ ಮುಗಿದಿರುತ್ತದೆ. ಗ್ರೀಸಿನ ಜೀನೋ ಎತ್ತಿದ ತೊಡಕು ಇದೇ. ಮೊತ್ತಕ್ಕೆ ಗಡಿಯಾರ ಬೇಕಿಲ್ಲ. ‘ಮೊತ್ತ ಎರಡು’ ಎಂದರೆ ಇಷ್ಟೇ: ನೀನು ಎಷ್ಟು ಸಣ್ಣ ಅಂತರವನ್ನಾದರೂ ಹೇಳು, ಅದಕ್ಕಿಂತ ಕಡಿಮೆ ಉಳಿಯುವುದಕ್ಕೆ ಎಷ್ಟು ನೆಗೆತ ಬೇಕೆಂದು ನಾನು ಹೇಳಬಲ್ಲೆ, ಆಮೇಲೆ ಉಳಿದದ್ದು ಮತ್ತೆ ಹೆಚ್ಚಾಗುವುದೂ ಇಲ್ಲ.

ಇದು ಎಂಟನೆಯ ತರಗತಿಯವರಿಗೆ ಹೆಚ್ಚಾಯಿತು ಎನ್ನುವವರು ಒಮ್ಮೆ ಆಡಿಸಿ ನೋಡಲಿ. ಅಡಿಗಳನ್ನು ಬಿಟ್ಟು 128 ಸೆಂಟಿಮೀಟರಿನ ಕಾಗದದ ಪಟ್ಟಿ ಕತ್ತರಿಸಿ. ನೆಗೆತಗಳು 64, 32, 16, 8, 4, 2, 1. ಏಳನೆಯದರ ನಂತರ ಒಂದು ಸೆಂಟಿಮೀಟರ್ ಉಳಿಯುತ್ತದೆ. ಇಷ್ಟರಲ್ಲಿ ಯಾರಾದರೂ ‘ಕಪ್ಪೆಯ ಮೂತಿ ಆಗಲೇ ತಾಗಿತು ಟೀಚರ್’ ಎಂದೇ ಎನ್ನುತ್ತಾರೆ. ಸರಿಯಾದ ಆಕ್ಷೇಪ, ಹಾಗಿದ್ದರೆ ಕಪ್ಪೆಯನ್ನು ಬಿಟ್ಟು ಪೆನ್ಸಿಲಿನ ಚುಕ್ಕೆಯನ್ನು ಹಾರಿಸೋಣ ಎಂದರಾಯಿತು. ‘ಒಂದು ಮಿಲಿಮೀಟರಿಗಿಂತ ಕಡಿಮೆ ಉಳಿಯಬೇಕು’ ಎಂದು ಒಬ್ಬ ಕೇಳಲಿ. ಹತ್ತು ನೆಗೆತಕ್ಕೆ ಒಂದೂಕಾಲು ಮಿಲಿಮೀಟರ್ ಉಳಿದಿದೆ, ಸಾಲದು, ಹನ್ನೊಂದಕ್ಕೆ ಆಯಿತು. ಇಪ್ಪತ್ತು ನೆಗೆತಕ್ಕೆ ಉಳಿಯುವುದು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಕೇಳುವವರು ಸೋಲುತ್ತಲೇ ಹೋಗುತ್ತಾರೆ. ಹಾಗೆ ಸೋತವರಿಗೆ ಮೊತ್ತವೆಂದರೇನು ಎಂದು ಬೇರೆ ವಿವರಿಸಬೇಕಿಲ್ಲ.

ಮುಕ್ತಾಯದ ಆ ಎರಡು ಮಾತುಗಳೂ ಹೇಳುವವರ ತಪ್ಪುಗಳು, ತಿದ್ದಿಕೊಳ್ಳಬಹುದು. ಕಥೆಯ ಒಳಗೇ ಇರುವ ದೋಷ ಬೇರೆ. ಅದು ಆ ತರಗತಿಯಲ್ಲಿ ಒಬ್ಬ ಹುಡುಗಿಯ ಪ್ರಶ್ನೆಯಿಂದ ಹೊರಬಿತ್ತು: ‘ಕಪ್ಪೆ ಅರ್ಧದ ಬದಲು ಮೂರನೇ ಒಂದು ಭಾಗ ಹಾರಿದರೆ?’ ಲೆಕ್ಕ ಸುಲಭವಾಗಲೆಂದು ಗೋಡೆಯನ್ನು ಒಂದು ಅಡಿ ದೂರಕ್ಕೆ ತಂದು, ಟೀಚರ್ ಬೋರ್ಡಿನ ಮೇಲೆ 1/3 + 1/9 + 1/27 + … ಎಂದು ಬರೆದು, ಸೂತ್ರ ಹಾಕಿ, ಮೊತ್ತ 1/2 ಎಂದರು. ಅಂದರೆ ಕಪ್ಪೆ ನಡುದಾರಿಯಲ್ಲೇ ನಿಂತಿತು. ಹುಡುಗಿ ಒಪ್ಪಲಿಲ್ಲ. ಮೊದಲ ನೆಗೆತದ ಮೇಲೆ 2/3 ಉಳಿಯುತ್ತದೆ, ಅದರ ಮೂರನೇ ಒಂದು ಭಾಗ 2/9. ಎರಡೂ ಸೇರಿ 5/9. ಎರಡನೆಯ ನೆಗೆತಕ್ಕೇ ಕಪ್ಪೆ ಅರ್ಧದಾರಿ ದಾಟಿತಲ್ಲ?

ಹುಡುಗಿಯ ಲೆಕ್ಕ ಸರಿ. ಟೀಚರ ಮೊತ್ತವೂ ಸರಿ. ಆದರೆ ಅವು ಎರಡು ಬೇರೆ ಕಪ್ಪೆಗಳ ಲೆಕ್ಕ. ಒಂದು ಕಪ್ಪೆ ಉಳಿದ ದೂರದ ಮೂರನೇ ಒಂದು ಭಾಗ ಹಾರುತ್ತದೆ: 1/3, 2/9, 4/27, ಹೀಗೆ. ಪ್ರತಿ ನೆಗೆತವೂ ಹಿಂದಿನದರ ಮೂರನೇ ಎರಡು ಭಾಗ, ಮತ್ತು ಉಳಿದದ್ದು ಸವೆದು ಸವೆದು ಇಲ್ಲವಾಗುವುದರಿಂದ ಮೊತ್ತ ಇಡೀ ದೂರ. ಇನ್ನೊಂದು ಕಪ್ಪೆ ತನ್ನ ಹಿಂದಿನ ನೆಗೆತದ ಮೂರನೇ ಒಂದು ಭಾಗ ಹಾರುತ್ತದೆ, ಅರ್ಧದಾರಿಯಾಚೆ ಅದಕ್ಕೆ ಗತಿಯಿಲ್ಲ. ‘ಉಳಿದದ್ದರ ಅರ್ಧ’ ಮತ್ತು ‘ಹಿಂದಿನದರ ಅರ್ಧ’ ಎರಡೂ ಒಂದೇ ಆಗುವುದು ಅರ್ಧಕ್ಕೆ ಮಾತ್ರ, ಏಕೆಂದರೆ ಅರ್ಧ ಹಾರಿದಾಗ ಹಾರಿದ್ದೂ ಉಳಿದದ್ದೂ ಸಮ. ಕಥೆ ಆಯ್ದುಕೊಂಡಿರುವುದು ಈ ಒಂದೇ ಸಂಖ್ಯೆಯನ್ನು, ಅದರಿಂದಲೇ ಎರಡು ವಿಚಾರಗಳ ನಡುವಿನ ಗೆರೆ ಅಳಿಸಿಹೋಗಿದೆ. ಭಿನ್ನರಾಶಿ ಕಲಿಸಿದವರಿಗೆಲ್ಲ ಗೊತ್ತು, ಮಕ್ಕಳು ಎಡವುವುದು ಭಾಗದಲ್ಲಿ ಅಲ್ಲ, ಯಾವುದರ ಭಾಗ ಎಂಬುದರಲ್ಲಿ. ಅಂಥ ಕಡೆ ಕಥೆ ನೆರವಾಗುವ ಬದಲು ಮಂಜು ಕವಿಸುತ್ತದೆ. ನನ್ನ ಮುಖ್ಯ ತಕರಾರು ಇದು.

ಸೊಗಸೆಂದರೆ, ಈ ಗೆರೆಯನ್ನು ಮತ್ತೆ ಎಳೆದ ತಕ್ಷಣ ಸೂತ್ರ ತಾನಾಗಿ ಹೊರಬರುತ್ತದೆ. ಗೋಡೆಯನ್ನು ತೆಗೆದುಬಿಡಿ. ಕಪ್ಪೆಯ ಮೊದಲ ನೆಗೆತ a, ಮುಂದಿನ ಪ್ರತಿ ನೆಗೆತ ಹಿಂದಿನದರ r ಪಾಲು. ಈಗ ಪ್ರಶ್ನೆ: ಗೋಡೆಯನ್ನು ಎಲ್ಲಿ ಕಟ್ಟಿದರೆ ಉಳಿದ ದೂರವೂ ಪ್ರತಿ ಸಲ r ಪಾಲಿಗೆ ಇಳಿಯುತ್ತದೆ? ಗೋಡೆ D ದೂರದಲ್ಲಿರಲಿ. ಒಂದು ನೆಗೆತದ ನಂತರ D − a ಉಳಿಯುತ್ತದೆ, ಅದು rD ಆಗಿರಬೇಕು. ಆದ್ದರಿಂದ D = a/(1 − r). ಮೊದಲ ನೆಗೆತ ಒಂದು ಅಡಿ, r ಮೂರನೇ ಒಂದು ಆದರೆ ಗೋಡೆ ಒಂದೂವರೆ ಅಡಿಯಲ್ಲಿ. ತಾಳೆ ನೋಡಿ: ಒಂದು ಅಡಿ ಹಾರಿದ ಮೇಲೆ ಅರ್ಧ ಅಡಿ ಉಳಿಯಿತು, ಒಂದೂವರೆಯ ಮೂರನೇ ಒಂದು, ಇನ್ನು 1/3 ಹಾರಿದರೆ 1/6, ಅರ್ಧದ ಮೂರನೇ ಒಂದು. ಸೂತ್ರವನ್ನು ಮಾತ್ರ ನೋಡಿದರೆ ಅದು ಯಾವಾಗ ಕೈಕೊಡುತ್ತದೆ ಎಂದು ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ: r ಎರಡು ಎಂದು ಹಾಕಿದರೆ ಗೋಡೆ −1ರಲ್ಲಿ, ಅಂದರೆ ಕಪ್ಪೆಯ ಬೆನ್ನ ಹಿಂದೆ. ಪ್ರತಿ ನೆಗೆತಕ್ಕೂ ಅಂತರ ಇಮ್ಮಡಿಯಾಗುತ್ತದೆ. ಉಳಿದದ್ದು ಇಲ್ಲವಾಗದ ಕಡೆ ಸೂತ್ರಕ್ಕೆ ಅರ್ಥವಿಲ್ಲ.

ಗುಣೋತ್ತರ ಶ್ರೇಢಿಯ ಇಂತಿಷ್ಟು ಪದಗಳನ್ನು ಕೂಡಿಸುವ ನಿಯಮ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲೇ ಇದೆ. ಮುಗಿಯದ ಶ್ರೇಢಿಗೆ ಬಂದರೆ ನನಗೆ ಕೇರಳದ ನೀಲಕಂಠ ಸೋಮಯಾಜಿ ಹತ್ತಿರದವನು. ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಅವನು 1/4 + 1/16 + 1/64 + … ಎಂಬುದು 1/3 ಎಂದು ತೋರಿಸುತ್ತಾನೆ. ದಾರಿ ಇದು: 1/3ರಿಂದ 1/4 ತೆಗೆದರೆ 1/12 ಉಳಿಯುತ್ತದೆ, ಅದು 1/3ರ ಕಾಲುಭಾಗ. 1/12ರಿಂದ 1/16 ತೆಗೆದರೆ 1/48, ಮತ್ತೆ ಕಾಲುಭಾಗ. ಉಳಿಕೆಯ ಮೇಲೆಯೇ ಕಣ್ಣು. ಕಪ್ಪೆಯ ಭಾಷೆಯಲ್ಲಿ ಹೇಳುವುದಾದರೆ 1/3 ದೂರದ ಗೋಡೆಯ ಕಡೆಗೆ ಪ್ರತಿ ಸಲ ಉಳಿದದ್ದರ ಮುಕ್ಕಾಲು ಹಾರುವ ಕಪ್ಪೆ. ಹಾರುವ ಪಾಲು ಮುಕ್ಕಾಲು, ಶ್ರೇಢಿಯ ಅನುಪಾತ ಕಾಲು. ಎರಡೂ ಬೇರೆ ಎಂದು ಈ ಉದಾಹರಣೆ ಮೊದಲ ಸಾಲಿನಲ್ಲೇ ಹೇಳಿಬಿಡುತ್ತದೆ. ಅರ್ಧದ ಕಪ್ಪೆಗಿಂತ ಮುಕ್ಕಾಲಿನ ಕಪ್ಪೆ ಒಳ್ಳೆಯ ಗುರು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಅಪಾಯ ಉಳಿದಿದೆ. ಕಥೆ ಕೇಳಿ ಮನೆಗೆ ಹೋಗುವ ಮಗು ‘ನೆಗೆತಗಳು ಸಣ್ಣದಾಗುತ್ತ ಹೋದರೆ ಕಪ್ಪೆ ಎಲ್ಲೋ ಒಂದು ಕಡೆ ತಡೆಯಲೇಬೇಕು’ ಎಂದು ನಂಬಿಕೊಂಡು ಹೋಗುತ್ತದೆ. ಕಥೆ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬೇರೆ ಕಪ್ಪೆಯನ್ನು ತೋರಿಸದಿರುವುದರಿಂದ ಆ ನಂಬಿಕೆ ಬೇರೂರುತ್ತದೆ. ಒಂದು ಅಡಿ, ಅರ್ಧ ಅಡಿ, ಮೂರನೇ ಒಂದು, ನಾಲ್ಕನೇ ಒಂದು, ಐದನೇ ಒಂದು ಎಂದು ಹಾರುವ ಕಪ್ಪೆಯನ್ನೂ ಅದೇ ನೆಲದ ಮೇಲೆ ಬಿಡಬೇಕು. ಇದರ ನೆಗೆತವೂ ಎಷ್ಟು ಬೇಕಾದರೂ ಸಣ್ಣದಾಗುತ್ತದೆ. ಆದರೆ ಇದು ನಾಲ್ಕನೆಯ ನೆಗೆತಕ್ಕೇ ಎರಡು ಅಡಿಯ ಗೋಡೆಯ ಜಾಗವನ್ನು ದಾಟುತ್ತದೆ, ಹನ್ನೊಂದನೆಯದಕ್ಕೆ ಮೂರು ಅಡಿಯನ್ನು, ಮೂವತ್ತೊಂದನೆಯದಕ್ಕೆ ನಾಲ್ಕು ಅಡಿಯನ್ನು. ಈ ಕಪ್ಪೆಯನ್ನು ತಡೆಯುವ ಗೋಡೆ ಎಲ್ಲಿಯೂ ಇಲ್ಲ ಎಂಬ ಸಾಧನೆಯನ್ನು ಶಾಲೆಯಲ್ಲಿ ಪೂರ್ತಿ ಮಾಡಬೇಕಾಗಿಲ್ಲ. ಕ್ಯಾಲ್ಕುಲೇಟರ್ ಹಿಡಿದು ಮೂವತ್ತೊಂದರವರೆಗೆ ಕೂಡಿಸಿ ನೋಡಿದರೆ ಸಾಕು. ಐದು ಅಡಿ ದಾಟಲು ಎಷ್ಟು ನೆಗೆತ ಬೇಕೆಂಬ ಪ್ರಶ್ನೆ ಆಗ ಮಕ್ಕಳಿಂದಲೇ ಬರುತ್ತದೆ.