ದಾಳದ ಲೆಕ್ಕ ಪಟ್ಟಿಗೆ ಮುಗಿಯುವುದಿಲ್ಲ

ಮೂರು ದಾಳ ಉರುಳಿಸಿದರೆ 9 ಬರುವ ಸಾಧ್ಯತೆ ಹೆಚ್ಚೋ, 10 ಬರುವುದೋ? 17ನೇ ಶತಮಾನದಲ್ಲಿ ಗೆಲಿಲಿಯೊ ಬಿಡಿಸಿದ ಪ್ರಶ್ನೆಯಿದು. 9ಕ್ಕೆ ಆರು ಜೋಡಣೆ, 10ಕ್ಕೂ ಆರೇ. ಆದರೂ 10 ತುಸು ಹೆಚ್ಚು ಬೀಳುತ್ತದೆಂದು ಜೂಜುಗಾರರು ಕಂಡುಕೊಂಡಿದ್ದರು. 3-3-3 ಬೀಳುವುದು ಒಂದೇ ರೀತಿ, 1-2-6 ಬೀಳುವುದು ಆರು ರೀತಿ ಎಂಬುದರಲ್ಲೇ ಗುಟ್ಟಿದೆ. ಪಟ್ಟಿ ಬರೆದು ಎಣಿಸುವವರು ಇಂದಿಗೂ ಎಡವುವುದು ಇಲ್ಲಿಯೇ. ಬಹುಪದೋಕ್ತಿಯ ದಾರಿಯಲ್ಲಿ ಈ ಎಡವಟ್ಟಿಗೆ ಜಾಗವೇ ಇಲ್ಲ, ಏಕೆಂದರೆ ಯಾವ ದಾಳದಿಂದ ಯಾವ ಅಂಕೆ ಬಂತೆಂಬ ಭೇದವನ್ನು ಗುಣಾಕಾರವೇ ಉಳಿಸಿಕೊಳ್ಳುತ್ತದೆ. ಒಂದು ದಾಳಕ್ಕೆ x + x² + x³ + x⁴ + x⁵ + x⁶ ಎಂದು ಬರೆದು ವರ್ಗ ಮಾಡಿದರೆ, x² ಇಂದ x¹² ವರೆಗಿನ ಸಹಗುಣಕಗಳು 1, 2, 3, 4, 5, 6, 5, 4, 3, 2, 1. ಮೂರನೆಯ ದಾಳದಿಂದ ಗುಣಿಸುವುದೆಂದರೆ ಈ ಸಾಲಿನಲ್ಲಿ ಅಕ್ಕಪಕ್ಕದ ಆರಾರು ಸಂಖ್ಯೆಗಳನ್ನು ಕೂಡಿಸುತ್ತ ಹೋಗುವುದು, ಅಷ್ಟೇ. ಒಟ್ಟು 9 ಬರಬೇಕಾದರೆ ಮೊದಲೆರಡು ದಾಳಗಳ ಮೊತ್ತ 3ರಿಂದ 8ರೊಳಗೆ ಇರಬೇಕು: 2+3+4+5+6+5 = 25. ಒಟ್ಟು 10ಕ್ಕೆ 4ರಿಂದ 9: ಹಿಂದಿನ 2 ಹೋಗಿ ಮುಂದಿನ 4 ಸೇರಿ 27. ಒಟ್ಟು 216ರಲ್ಲಿ ವ್ಯತ್ಯಾಸ ಎರಡೇ. ಅದನ್ನು ಬರಿಗಣ್ಣಿಂದ ಗುರುತಿಸಿದ ಆ ಜೂಜುಗಾರರ ತಾಳ್ಮೆ ದೊಡ್ಡದು!

216 ಸಾಲುಗಳನ್ನು ಕಂಪ್ಯೂಟರ್ ಕ್ಷಣದಲ್ಲಿ ಎಣಿಸುವಾಗ ಈ ಬೀಜಗಣಿತವೇಕೆ ಎಂದು ಕೇಳಬಹುದು. ಎಣಿಕೆಯಷ್ಟೇ ಬೇಕಿದ್ದರೆ ಆಕ್ಷೇಪ ಸರಿ. ಆದರೆ ಗುಣಲಬ್ಧವನ್ನು ಅಪವರ್ತನಗಳಾಗಿ ಬಿಡಿಸಬಹುದು, ಪಟ್ಟಿಯನ್ನು ಬಿಡಿಸಲಾಗದು. ಒಂದು ದಾಳದ ಬಹುಪದೋಕ್ತಿ x(1+x)(1+x+x²)(1−x+x²) ಎಂದು ಒಡೆಯುತ್ತದೆ. ಎರಡು ದಾಳಗಳೆಂದರೆ ಪ್ರತಿ ಅಪವರ್ತನವೂ ಎರಡೆರಡು. ಕೊನೆಯದಕ್ಕೆ x = 1 ಹಾಕಿದರೆ ಬೆಲೆ 1, ಹಾಗಾಗಿ ಅದನ್ನು ಯಾವ ದಾಳಕ್ಕೆ ಸೇರಿಸಿದರೂ ಮುಖಗಳ ಸಂಖ್ಯೆ ಆರೇ ಉಳಿಯುತ್ತದೆ. ಅವೆರಡನ್ನೂ ಒಂದೇ ದಾಳಕ್ಕೆ ಕೊಟ್ಟುಬಿಡಿ. ಬರಿಗೈಯಾದ ದಾಳ x + 2x² + 2x³ + x⁴, ಅಂದರೆ ಮುಖಗಳು 1, 2, 2, 3, 3, 4. ಇನ್ನೊಂದರ ಮುಖಗಳು 1, 3, 4, 5, 6, 8. ಈ ವಿಚಿತ್ರ ಜೋಡಿಯಲ್ಲೂ 7 ಆರು ರೀತಿ, 4 ಮೂರು ರೀತಿ, ಪ್ರತಿ ಮೊತ್ತವೂ ಮಾಮೂಲಿ ಜೋಡಿಯಷ್ಟೇ ಸಲ ಬರುತ್ತದೆ. ಜಾರ್ಜ್ ಸಿಚರ್‌ಮನ್ ಕಂಡುಹಿಡಿದ ಇದನ್ನು ಮಾರ್ಟಿನ್ ಗಾರ್ಡ್ನರ್ 1978ರಲ್ಲಿ ಓದುಗರ ಮುಂದಿಟ್ಟರು. ಮುಖಗಳಲ್ಲಿ ಧನ ಪೂರ್ಣಾಂಕಗಳೇ ಇರಬೇಕೆಂದರೆ ಮಾಮೂಲಿ ಜೋಡಿಯನ್ನು ಬಿಟ್ಟು ಬೇರೆ ಜೋಡಿ ಇದೊಂದೇ.

ಹಾಗೆಂದು ಎಲ್ಲ ಆಟಕ್ಕೂ ಈ ದಾಳಗಳು ಒಗ್ಗವು. ಬಹುಪದೋಕ್ತಿ ನೆನಪಿಡುವುದು ಮೊತ್ತವನ್ನು ಮಾತ್ರ. ಎರಡರಲ್ಲೂ ಒಂದೇ ಅಂಕೆ ಬಿದ್ದರೆ ಇನ್ನೊಮ್ಮೆ ಆಡಬಹುದೆಂಬ ನಿಯಮವಿದ್ದರೆ, ಮಾಮೂಲಿ ಜೋಡಿಯಲ್ಲಿ 36ರಲ್ಲಿ 6 ಸಲ ಸಿಗುವ ಅವಕಾಶ ಸಿಚರ್‌ಮನ್ ಜೋಡಿಯಲ್ಲಿ 4ಕ್ಕೆ ಇಳಿಯುತ್ತದೆ: 1-1 ಒಮ್ಮೆ, 4-4 ಒಮ್ಮೆ, 3-3 ಎರಡು ಸಲ.