100 ಅಲ್ಲ, 100.0

ಬೀದರ್, ಭಾಲ್ಕಿ, ಔರಾದಿನ ಪಿಯು ಮಕ್ಕಳ ರೆಕಾರ್ಡ್ ಪುಸ್ತಕ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಸರಳ ಲೋಲಕದ ಪುಟ. ಅಲ್ಲಿನ ಕೋಷ್ಟಕ ನೋಡಿದರೆ ಸಾಕು, ಅಳತೆ ನಿಜವಾಗಿ ನಡೆದಿದೆಯೇ ಎಂಬುದು ತಿಳಿಯುತ್ತದೆ.

ಒಂದು ಸಾಲನ್ನೇ ತೆಗೆದುಕೊಳ್ಳಿ:

| L / cm | 20 ಆಂದೋಲನಕ್ಕೆ t / s | T / s | T² / s² |
|---|---|---|---|
| 100.0 | 40.2 | 2.01 | 4.04 |

ಏಕಮಾನ ತಲೆಸಾಲಿನಲ್ಲೇ ಕುಳಿತಿದೆ. ಕೆಳಗೆ ಬರೀ ಅಂಕಿ. L / cm ಎಂದರೆ ಉದ್ದವನ್ನು ಸೆಂಟಿಮೀಟರಿನಿಂದ ಭಾಗಿಸಿದಾಗ ಬರುವ ಸಂಖ್ಯೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರರಿಂದಲೂ ಬಂದ ಮಕ್ಕಳು ಒಂದೇ ಮೇಜಿನಲ್ಲಿ ಅಳೆಯುತ್ತಾರೆ. ಮನೆಯ ಮಾತು ಯಾವುದಿದ್ದರೂ cm, s ಎಂಬ ಗುರುತು ಒಂದೇ.

ಇನ್ನು 100.0. ಆ ಕೊನೆಯ ಸೊನ್ನೆಯನ್ನು ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ. ಮೀಟರ್ ಸ್ಕೇಲಿನಲ್ಲಿ ಮಿಲಿಮೀಟರ್ ಗೆರೆಯವರೆಗೆ ಓದಿದ್ದೇನೆ ಎಂಬುದಕ್ಕೆ ಅದೇ ಸಾಕ್ಷಿ. ಮೇಲಿನ ಸಾಲಿನಲ್ಲಿ 80.0, ಕೆಳಗೆ 100 ಎಂದಿದ್ದರೆ ಸ್ಕೇಲು ನಡುವೆ ಬದಲಾಯಿತೇ ಎಂದು ನಾನು ಕೇಳುತ್ತೇನೆ.

ಸ್ಟಾಪ್‌ವಾಚಿನ ಕನಿಷ್ಠ ಅಳತೆ 0.1 ಸೆಕೆಂಡ್. 20 ಆಂದೋಲನಕ್ಕೆ ಹಂಚಿದಾಗ ಅದು 0.005 ಸೆಕೆಂಡಿಗೆ ಇಳಿಯುತ್ತದೆ. ಆದ್ದರಿಂದಲೇ T ಯನ್ನು 2.01 ಎಂದು ಮೂರು ಸಾರ್ಥಕ ಅಂಕಿಗಳಲ್ಲಿ ಬರೆಯಬಹುದು. ಒಂದೇ ಆಂದೋಲನ ಅಳೆದವರಿಗೆ ಆ ಹಕ್ಕಿಲ್ಲ. ಡಿಜಿಟಲ್ ಗಡಿಯಾರ 40.17 ಎಂದು ತೋರಿಸಬಹುದು, ಆದರೆ ಗುಂಡಿ ಒತ್ತುವ ಬೆರಳೇ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹಿಂದುಮುಂದಾಗುತ್ತದೆ.

ಜಾಣ ಮಕ್ಕಳೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. L/T² ಲೆಕ್ಕ ಹಾಕಿದರೆ 24.75 ಬರುತ್ತದೆ. ಅದನ್ನು ಅಲ್ಲೇ 24.8 ಮಾಡಿ 4π² ಇಂದ ಗುಣಿಸಿ ಮೀಟರಿಗೆ ಬದಲಿಸಿದರೆ g 9.79 ಆಗುತ್ತದೆ, 24.75 ಹಾಗೇ ಇಟ್ಟರೆ 9.77. ಅಳತೆ ಒಂದೇ, ವ್ಯತ್ಯಾಸ ಹುಟ್ಟಿದ್ದು ಅವಸರದಿಂದ. ನಡುವಿನ ಲೆಕ್ಕದಲ್ಲಿ ಒಂದು ಅಂಕಿ ಹೆಚ್ಚಿಗೆ ಇಟ್ಟುಕೊಂಡು, ಕೊನೆಯಲ್ಲಿ ಒಮ್ಮೆ ಮಾತ್ರ ದುಂಡಾಗಿಸಬೇಕು.

ಈ ಸೀಮೆಗೆ ಲೋಲಕ ಹೊಸದಲ್ಲ. 1860ರ ದಶಕದಲ್ಲಿ ಸರ್ವೇ ಇಲಾಖೆಯ ಜೇಮ್ಸ್ ಬಸೆವಿ ಗುರುತ್ವ ಅಳೆಯಲು ಲೋಲಕ ತೂಗಿಸಿದ ಠಾಣೆಗಳಲ್ಲಿ ಬೀದರ್ ಹತ್ತಿರದ ದಾಮರಗಿಡ್ಡವೂ ಒಂದು. ಬೀದರಿನ ಅಕ್ಷಾಂಶ ಸುಮಾರು 18 ಡಿಗ್ರಿ, ಎತ್ತರ ಸುಮಾರು 700 ಮೀಟರ್. ಇವೆರಡನ್ನೂ ಸೂತ್ರಕ್ಕೆ ಹಾಕಿದರೆ ಇಲ್ಲಿನ g ಸುಮಾರು 9.78 m s⁻². ನಮ್ಮ t ಯಲ್ಲಿ 0.1 ಸೆಕೆಂಡ್ ತಪ್ಪಿದರೆ g ಯಲ್ಲಿ 0.05ರಷ್ಟು ತಪ್ಪುತ್ತದೆ. ಹಾಗಾಗಿ ಪಠ್ಯದ 9.8 ತರಲೆಂದು ಅಂಕಿಗಳನ್ನು ತಿದ್ದಬೇಕಿಲ್ಲ. 9.77 ಎಂದು ಬರೆದರೆ ಸರಿ. ಕ್ಯಾಲ್ಕುಲೇಟರ್ ತೋರಿಸಿದ 9.7716 ಎಂದು ಬರೆದರೆ ತಪ್ಪು.